ಕಣಿಕೆ ಮಷೀನಿನ ಮುಂದೆ ನಮ್ಮ ಅತ್ತೆ

ನಮ್ಮೂರು ಕುರ್ಡಿಯಲ್ಲಿ ಸೂಗಮ್ಮ ಎಂದರೆ ಯಾವ ಸೂಗಮ್ಮ ಎಂದು ಕೇಳುತ್ತಾರೆ. ಎಮ್ಮೆ ಸೂಗಮ್ಮ ಎಂದರೆ ನೇರ ನಮ್ಮ ಮನೆಗೆ ದಾರಿ ತೋರಿಸುತ್ತಾರೆ. ಅವರು ನನ್ನ ಅತ್ತೆ. ಮಾವ ತೀರಿಹೋದಾಗ ನನ್ನ ಗಂಡ ಶಿವರಾಜ ಇನ್ನೂ ಶಾಲೆಗೆ ಹೋಗುತ್ತಿದ್ದ. ಅವನನ್ನು ಓದಿಸಿದ್ದು, ನನ್ನನ್ನು ಅರಕೇರಾದಿಂದ ಮದುವೆ ಮಾಡಿಕೊಂಡು ತಂದದ್ದು, ಎಲ್ಲವೂ ಎಮ್ಮೆಗಳ ಹಾಲಿನ ಮೇಲೆ. ಶಿವರಾಜ ಈಗ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಾನೆ. ಮುಂಜಾನೆ ಅವನ ಬೈಕಿನಲ್ಲೇ ಹಾಲಿನ ಕ್ಯಾನು ಹೋಗುತ್ತದೆ.

ನಮ್ಮ ತವರಿನಲ್ಲಿ ಜೋಳದ ಕಣಿಕೆಯನ್ನು, ಅಂದರೆ ತೆನೆ ಕೊಯ್ದ ಮೇಲಿನ ದಂಟನ್ನು, ಇಡಿಯಾಗಿಯೇ ದನಗಳ ಮುಂದೆ ಒಗೆಯುತ್ತಿದ್ದರು. ಎಲೆ ತಿಂದು ದಂಟು ತುಳಿದು ಅರ್ಧ ಹಾಳುಮಾಡುತ್ತಿದ್ದವು. ಮೇವೆಂದರೆ ಹಾಗೆಯೇ ಎಂದುಕೊಂಡಿದ್ದೆ. ಇಲ್ಲಿಗೆ ಬಂದ ಮೇಲೆಯೇ ನಾನು ಕಣಿಕೆ ಮಷೀನು ನೋಡಿದ್ದು. ಅತ್ತೆ ಅದನ್ನು ರಾಯಚೂರಿನಲ್ಲಿ ಹಳೆಯದೊಂದು ನೋಡಿ ತಂದಿದ್ದರು. ಮುಂದೆ ಕಣಿಕೆ ಇಡುವ ತಗಡಿನ ದೋಣಿ, ದೋಣಿಯ ಕೊನೆಗೆ ಹಲ್ಲಿರುವ ಎರಡು ರೋಲರು, ಅದರ ಹಿಂದೆ ಬ್ಲೇಡು ಕಟ್ಟಿದ ದೊಡ್ಡ ಚಕ್ರ. ರೋಲರು ಕಣಿಕೆಯನ್ನು ಒಳಗೆ ಎಳೆಯುತ್ತದೆ, ಚಕ್ರ ತಿರುಗಿದಂತೆ ಬ್ಲೇಡು ಕತ್ತರಿಸುತ್ತದೆ. ಪಕ್ಕದಲ್ಲಿ ಒಂದು ಹಿಡಿಕೆ. ಮುಂದೆ ನೂಕಿದರೆ ರೋಲರು ಒಳಗೆ ಎಳೆಯುತ್ತದೆ, ನಡುವೆ ಇಟ್ಟರೆ ನಿಲ್ಲುತ್ತದೆ, ಹಿಂದೆ ಎಳೆದರೆ ಹೊರಗೆ ಉಗುಳುತ್ತದೆ.

ತಂದಾಗ ದೋಣಿ ಬರೀ ತೆರೆದೇ ಇತ್ತಂತೆ. ಅತ್ತೆ ಮೊದಲು ಮಾಡಿದ ಕೆಲಸ, ವೆಲ್ಡಿಂಗ್ ಅಂಗಡಿಯ ಗುಡುಸಾಬನನ್ನು ಕರೆಸಿ ರೋಲರಿನಿಂದ ಈಚೆಗೆ ಒಂದು ಮೊಳದುದ್ದ ತಗಡಿನ ಮುಚ್ಚಳ ಹಾಕಿಸಿದ್ದು. ಒಳಗೆ ಸಿಕ್ಕಿಕೊಂಡದ್ದನ್ನು ತೆಗೆಯಲು ಅದಕ್ಕೆ ಕೀಲು ಇಡಿಸಿದರು. ಮುಚ್ಚಳದ ಅಂಚಿನಲ್ಲಿ, ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣದಿಂದ ದೋಣಿಗೆ ಅಡ್ಡ ಒಂದು ಗೆರೆ ಎಳೆದರು. ಮದುವೆಯಾಗಿ ಬಂದ ಹೊಸತರಲ್ಲಿ ನನ್ನನ್ನು ಅದರ ಮುಂದೆ ನಿಲ್ಲಿಸಿ, “ಕಣಿಕಿ ಗೆರಿ ದಾಟ್ಲಿ, ಕೈ ದಾಟಬಾರದು” ಎಂದಿದ್ದರು. ಇಷ್ಟೇ ಪಾಠ. ಆಮೇಲೆ ನನ್ನನ್ನು ಅಡುಗೆಮನೆಗೆ ಕಳಿಸಿದರು. ಮಷೀನಿಗೆ ಕಣಿಕೆ ಕೊಡುವುದು ಅವರದೇ ಕೆಲಸವಾಗಿತ್ತು.

ಮೇವನ್ನು ಎಷ್ಟು ಉದ್ದ ಕತ್ತರಿಸಬೇಕು ಎಂಬುದಕ್ಕೆ ಅವರ ಬೆರಳೇ ಅಳತೆ. ಒಣ ಕಣಿಕೆಗೆ ಒಂದು ಗೆಣ್ಣು, ಹಸಿ ಮೇವಿಗೆ ಎರಡು ಗೆಣ್ಣು. ಹಸಿಯದನ್ನು ತೀರಾ ಸಣ್ಣಗೆ ಹಾಕಿದರೆ ರೋಲರಿಗೆ ಮೆತ್ತಿಕೊಳ್ಳುತ್ತದೆ. ಒಣ ಕಣಿಕೆಯನ್ನು ಉದ್ದ ಬಿಟ್ಟರೆ ಎಮ್ಮೆ ಎಲೆ ಆರಿಸಿ ತಿಂದು ದಂಟನ್ನು ಮೇವಿನ ಗ್ವಾದಲಿಯಲ್ಲಿ ಉಳಿಸುತ್ತದೆ. ಮೊದಲ ವರ್ಷ ಅವರೂ ಒಂದು ಸಲ ಏನೂ ಉಳಿಯಬಾರದೆಂದು ಎಲ್ಲವನ್ನೂ ಹಿಟ್ಟಿನಂತೆ ಮಾಡಿಹಾಕಿದ್ದರಂತೆ. ಎಮ್ಮೆಗಳು ಮೆಲುಕು ಹಾಕುವುದು ಕಡಿಮೆಯಾಗಿ, ಸಗಣಿ ತೆಳ್ಳಗಾಗಿ, ಹಾಲು ನೀರಾಗಿತ್ತಂತೆ. ದನದ ಡಾಕ್ಟರು ಬಂದು, ಹೊಟ್ಟೆಗೆ ಸ್ವಲ್ಪ ಉದ್ದದ ನಾರು ಬೇಕು, ಮೆಲುಕಾಡಲು ಅದಕ್ಕೆ ಕೆಲಸ ಇರಬೇಕು ಎಂದು ಹೇಳಿಹೋದರು. ಅಂದಿನಿಂದ ಒಂದು ಗೆಣ್ಣು ಖಾಯಂ ಆಯಿತು.

ಮಷೀನು ಮೊದಲು ಮನೆಯ ಹಿತ್ತಲಲ್ಲಿತ್ತು. ಗೋಡೆಯ ಪ್ಲಗ್ಗಿಗೆ ವೈರು. ಏನಾದರೂ ಸಿಕ್ಕಿಕೊಂಡರೆ ಅತ್ತೆ ಮೊದಲು ಹೋಗಿ ಪ್ಲಗ್ಗು ಕಿತ್ತು, ವೈರಿನ ತುದಿಯನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದರು. ವೈರು ಹೆಗಲ ಮೇಲಿದ್ದರೆ ಮಷೀನು ತಿರುಗುವ ಪ್ರಶ್ನೆಯೇ ಇಲ್ಲ. ನೋಡಿದವರು ನಗುತ್ತಿದ್ದರು.

ಆದರೆ ಮನೆಯ ಕರೆಂಟಿಗೆ ಮೋಟಾರು ಬಿಸಿಯಾಗಿ ವಾಸನೆ ಬರತೊಡಗಿತು. ಶಿವರಾಜ ಅದನ್ನು ಹೊಲದ ಕೊಟ್ಟಿಗೆಗೆ ಸಾಗಿಸಿದ. ತ್ರೀ ಫೇಸಿನ ಮೋಟಾರು ಹಾಕಿಸಿ, ಅಲ್ಲಿದ್ದ ಪಂಪಿನ ಸ್ಟಾರ್ಟರ್ ಪೆಟ್ಟಿಗೆಯಿಂದಲೇ ಲೈನು ಕೊಟ್ಟ. ಒಂದು ಹಿಡಿಕೆ ಮೇಲೆ ಮಾಡಿದರೆ ಪಂಪು, ಕೆಳಗೆ ಮಾಡಿದರೆ ಮಷೀನು. ನಮ್ಮ ಕಡೆ ಬಹಳ ಜನ ಹೀಗೇ ಮಾಡಿಕೊಂಡಿದ್ದಾರೆ. ಹೊಲದ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಗೊತ್ತಿಲ್ಲ. ಅದಕ್ಕೇ ಎಲ್ಲರ ಪಂಪೂ ಆಟೋದಲ್ಲಿ ಇರುತ್ತದೆ. ಕರೆಂಟು ಬಂದ ಕೂಡಲೇ ಪಂಪು ತಾನೇ ಚಾಲೂ ಆಗುತ್ತದೆ, ಹೊಲಕ್ಕೆ ಓಡಿಹೋಗಬೇಕಿಲ್ಲ. ಪಂಪಿಗೆ ಅದು ಅನುಕೂಲ. ಆ ಪೆಟ್ಟಿಗೆಯಿಂದ ಕಣಿಕೆ ಮಷೀನಿಗೂ ಕರೆಂಟು ಹೋದರೆ ಅದೂ ತಾನೇ ಚಾಲೂ ಆಗುತ್ತದೆ ಎಂಬುದು ಯಾರ ತಲೆಗೂ ಬರಲಿಲ್ಲ. ಪೆಟ್ಟಿಗೆ ಪಂಪಿನ ಕೋಣೆಯ ಆಚೆ ಗೋಡೆಗೆ ಇತ್ತು. ಹೆಗಲ ಮೇಲೆ ಹಾಕಿಕೊಳ್ಳಲು ಈಗ ವೈರು ಇರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿತ್ತು. ಮೂರು ಎಮ್ಮೆಗಳಲ್ಲಿ ಮುದಿಯದರ ಹಲ್ಲು ಸವೆದಿತ್ತು. ಆ ವರ್ಷದ ಕಣಿಕೆಯ ದಂಟೂ ದಪ್ಪ. ಅದು ಬರೀ ಮೂಸಿ ಮುಖ ತಿರುಗಿಸುತ್ತಿತ್ತು. ಅದರ ಪಾಲಿನದನ್ನಷ್ಟೇ ಅರ್ಧ ಗೆಣ್ಣಿಗೆ ಕತ್ತರಿಸೋಣ ಎಂದು ಅತ್ತೆ ಗೇರು ಬದಲಾಯಿಸಿದರು. ಪಕ್ಕದ ಮನೆಯ ಜೈಬುನ್ನೀಸಾ ಚಾಚಿ ತನ್ನ ಆಡುಗಳಿಗೆ ಸೊಪ್ಪು ಕೊಯ್ದುಕೊಂಡು ಅದೇ ದಾರಿಯಲ್ಲಿ ಹೊರಟಿದ್ದಳು.

“ಏನ್ ಸೂಗಕ್ಕ, ಎಮ್ಮಿ ಲಗ್ನ ಇಟಗೊಂಡಿ ಏನ್? ಈಪಾಟಿ ಸಣ್ಣಗ ಹೆಚ್ಚಾಕತ್ತಿದಿ.”

“ನಿನ್ನ ಆಡಿಗಿ ಹಲ್ಲು ಅದಾವ. ನನ್ನ ಮುದುಕಿಗಿ ಇಲ್ಲ. ನಡಿ ಸುಮ್ಮನ.”

ಚಾಚಿ ನಗುತ್ತ ಹೋದಳು. ನಾನು ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬೇವಿನ ನೆರಳಲ್ಲಿ ನಿಂತಿದ್ದೆ. ಅವಳು ಆಗಷ್ಟೇ ನಡೆಯಲು ಕಲಿತಿದ್ದಳು, ಕೆಳಗೆ ಬಿಟ್ಟರೆ ಮಷೀನಿನ ಕಡೆಗೇ ಹೋಗುತ್ತಿದ್ದಳು.

ಸಣ್ಣಗೆ ಕತ್ತರಿಸಬೇಕೆಂದರೆ ರೋಲರು ನಿಧಾನವಾಗಿ ಎಳೆಯಬೇಕು. ಚಕ್ರದ ವೇಗ ಅಷ್ಟೇ ಇರುತ್ತದೆ, ಕಣಿಕೆ ಮಾತ್ರ ತಡವಾಗಿ ಒಳಗೆ ಹೋಗುತ್ತದೆ. ಒಂದು ಹೊರೆಗೆ ಹಿಡಿಯುವ ಹೊತ್ತು ಎರಡರಷ್ಟಾಗುತ್ತದೆ. ಆಗಲೇ ಜನ ಕೈಯಿಂದ ನೂಕುವುದು. ಅತ್ತೆ ನೂಕಲಿಲ್ಲ. ಕೊನೆಯ ತುಂಡುಗಳನ್ನು ಮುಂದಿನ ಕಟ್ಟಿನಿಂದಲೋ ಬೇವಿನ ಕೋಲಿನಿಂದಲೋ ಒಳಗೆ ಕಳಿಸುತ್ತಿದ್ದರು. ಆದರೆ ಬ್ಲೇಡು ಮೊಂಡಾಗಿತ್ತು. ಸಾಣೆ ಹಿಡಿಸಿ ತರುತ್ತೇನೆ ಎಂದು ಶಿವರಾಜ ಹೇಳುತ್ತಲೇ ಇದ್ದ. ಮೊಂಡು ಬ್ಲೇಡಿಗೆ ದಂಟು ಕತ್ತರಿಸದೆ ಮಡಚಿಕೊಂಡಿತು. ಮೋಟಾರು ಗೊರಗೊರ ಎಂದಿತು. ಅದೇ ಹೊತ್ತಿಗೆ ಕರೆಂಟು ಹೋಯಿತು. ಚಕ್ರ ಎರಡು ಸುತ್ತು ತಿರುಗಿ ನಿಂತಿತು.

ಕಾಲುವೆಯ ಕಡೆಯಿಂದ ಕೊಕ್ಕರೆಯ ದನಿ ಕೇಳಿತು. ಅತ್ತೆ ಮುಚ್ಚಳ ಎತ್ತಿದರು. ರೋಲರಿನ ಬಾಯಲ್ಲಿ ಮಡಚಿಕೊಂಡಿದ್ದ ದಂಟನ್ನು ಬಲಗೈಯಿಂದ ಹಿಡಿದು ಈಚೆಗೆ ಎಳೆಯತೊಡಗಿದರು. ನಾನು ನೋಡುತ್ತಿದ್ದೆ. ಕರೆಂಟಿಲ್ಲ ಎಂದರೆ ಮಷೀನು ಸತ್ತಂತೆ ಎಂದೇ ನಮಗೆಲ್ಲ ಗೊತ್ತಿದ್ದದ್ದು.

ಗೋಡೆಯ ಆಚೆ ಪೆಟ್ಟಿಗೆಯಲ್ಲಿ ಟಕ್ ಎಂದಿತು.

ಅತ್ತೆ ಕೂಗಲಿಲ್ಲ. ಅದು ನನಗೆ ಈಗಲೂ ಅರ್ಥವಾಗಿಲ್ಲ. ದಂಟಿನ ಜೊತೆಗೇ ಕೈ ಒಳಗೆ ಹೋಯಿತು, ಅವರ ಎಡಗೈ ಪಕ್ಕದ ಹಿಡಿಕೆಯನ್ನು ಹಿಂದಕ್ಕೆ ಎಳೆಯಿತು. ರೋಲರು ಉಲ್ಟಾ ತಿರುಗಿ ಕೈಯನ್ನು ಉಗುಳಿತು. ಗೇರು ನಿಧಾನದ್ದಾಗಿತ್ತು, ಹಿಡಿಕೆ ಕೈಗೆ ಎಟುಕುವಷ್ಟರಲ್ಲಿತ್ತು, ಆದ್ದರಿಂದ ಮಣಿಕಟ್ಟು ಉಳಿಯಿತು ಎಂದು ಆಮೇಲೆ ಗುಡುಸಾಬ ಹೇಳಿದ. ನಾನು ಮಗಳನ್ನು ನೆಲದ ಮೇಲೆ ಕೂಡಿಸಿದೆ. ಓಡಿಹೋಗಿ ಪೆಟ್ಟಿಗೆ ಬಂದ್ ಮಾಡಿದೆ. ಹಿಂದಿರುಗಿ ಬಂದು ಮಗಳ ತಲೆಗೆ ಕಟ್ಟಿದ್ದ ಒಗೆದ ಬಟ್ಟೆ ಬಿಚ್ಚಿ ಅತ್ತೆಯ ಕೈಗೆ ಒತ್ತಿ ಹಿಡಿದೆ. ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿಯಲು ಹೇಳಿದೆ. ಇದನ್ನೆಲ್ಲ ಯಾರೋ ಬೇರೆಯವರು ಮಾಡುತ್ತಿದ್ದಂತೆ ಇತ್ತು. ನನ್ನ ಕಿವಿಗೆ ನನ್ನ ಮಾತು ಕೇಳುತ್ತಿತ್ತು.

ನನ್ನ ಕೂಗಿಗೆ ಗುಡುಸಾಬ ತನ್ನ ಲಗೇಜು ಆಟೋ ತಂದ. ಬಿದ್ದ ಬೆರಳುಗಳನ್ನು ಕಣಿಕೆಯ ಪುಡಿಯಲ್ಲಿ ಹುಡುಕಿದ್ದು ನಾನೇ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದೆ. ಮಾನ್ವಿಯಲ್ಲಿ ಆಸ್ಪತ್ರೆಯ ನರ್ಸು ಆ ಚೀಲವನ್ನು ಮಂಜುಗಡ್ಡೆ ಹಾಕಿದ ಇನ್ನೊಂದು ಚೀಲದೊಳಗೆ ಇಟ್ಟಳು. ಮಂಜು ನೇರ ಬೆರಳಿಗೆ ತಾಗಬಾರದು ಎಂದಳು. ಅಲ್ಲಿಂದ ರಾಯಚೂರಿಗೆ ಕಳಿಸಿದರು.

ದಾರಿಯಲ್ಲಿ ಅತ್ತೆ ಒಂದೇ ಮಾತು ಆಡಿದರು.

“ಎಮ್ಮಿ ನೀರ ಕುಡದಿಲ್ಲ.”

ಜೈಬುನ್ನೀಸಾ ಚಾಚಿ ನೋಡಿಕೊಳ್ಳುತ್ತಾಳೆ ಎಂದೆ. ಆಮೇಲೆ ಅವರು ಕಣ್ಣು ಮುಚ್ಚಿಕೊಂಡರು.

ರಾಯಚೂರಿನ ಡಾಕ್ಟರು ಚೀಲ ಬಿಚ್ಚಿ ನೋಡಿದರು. ಬ್ಲೇಡಷ್ಟೇ ಕತ್ತರಿಸಿದ್ದರೆ ಒಂದು ಪ್ರಯತ್ನ ಮಾಡಬಹುದಿತ್ತು, ರೋಲರು ಮೊದಲೇ ಹಿಸುಕಿಬಿಟ್ಟಿದೆ, ರಕ್ತನಾಳ ಉಳಿದಿಲ್ಲ ಎಂದು ನಿಧಾನವಾಗಿ ವಿವರಿಸಿದರು. ನಡುವಿನ ಎರಡು ಬೆರಳು ಬುಡದವರೆಗೆ ಹೋದವು. ತೋರುಬೆರಳಿನ ತುದಿ ಹೋಯಿತು. ಹೆಬ್ಬೆರಳು, ಕಿರುಬೆರಳು ಉಳಿದವು. ನಾನು ತಲೆಯಾಡಿಸಿದೆ. ಚೀಟಿ ತೆಗೆದುಕೊಂಡು ಕೆಳಗಿನ ಔಷಧ ಅಂಗಡಿಗೆ ಹೋದೆ. ಸಾಲಿನಲ್ಲಿ ನಿಂತು ಮಗಳಿಗೆ ಬಾಳೆಹಣ್ಣು ತಿನ್ನಿಸಿದೆ.

ಶಿವರಾಜ ಗಿರಣಿಯಿಂದ ನೇರ ಬಂದ. ತಲೆಯ ಮೇಲೆ ತೌಡಿನ ಧೂಳು ಹಾಗೇ ಇತ್ತು. ಬೆಂಚಿನ ಮೇಲೆ ಕುಳಿತ.

“ಸ್ಟಾರ್ಟರ ಆಟೋದಾಗ ಇಟ್ಟಿದ್ದಿ ಏನಪ?” ಎಂದು ಗುಡುಸಾಬ ಕೇಳಿದ.

“ಹ್ಞೂಂ.”

ಅತ್ತೆ ಇಂದಿನವರೆಗೆ ಮಗನಿಗೆ ಒಂದು ಮಾತೂ ಅಂದಿಲ್ಲ. ನೋಡಲು ಬಂದವರು ಹೇಗಾಯಿತು ಎಂದು ಕೇಳಿದರೆ, ಕೈ ಹಾಕಿದೆ, ಹೋಯಿತು ಎನ್ನುತ್ತಾರೆ.

ಮನೆಗೆ ಬಂದ ಮೇಲೆ ದಿನಗಳು ಒಂದೇ ತರ ಇದ್ದವು. ಅತ್ತೆ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂಡುತ್ತಿದ್ದರು. ಮಗಳು ಅವರ ತೊಡೆ ಹತ್ತಿ ಆ ಕೈಯನ್ನು ಮುಟ್ಟಲು ಹೋದರೆ ಎಡಗೈಯಿಂದ ಅವಳನ್ನು ತಬ್ಬಿ ತಡೆಯುತ್ತಿದ್ದರು. ರೊಟ್ಟಿ ನಾನು ಬಡಿಯುತ್ತಿದ್ದೆ. ಅವರು ತಿನ್ನುತ್ತಿದ್ದರು.

ಎಮ್ಮೆಗಳಿಗೆ ಇಡೀ ಕಣಿಕೆ ಹಾಕತೊಡಗಿದೆವು. ನಾನು ಕೊಡಲಿಯಿಂದ ಕಡಿದು ನೋಡಿದೆ. ಒಂದು ತುಂಡು ಗೇಣುದ್ದ, ಒಂದು ಚೋಟುದ್ದ. ಮಗಳು ಅಳುವ ಹೊತ್ತಿಗೆ ಅರ್ಧ ಹೊರೆಯೂ ಮುಗಿಯುತ್ತಿರಲಿಲ್ಲ. ಮುದಿ ಎಮ್ಮೆಯ ಪಕ್ಕೆ ಒಳಗೆ ಹೋಯಿತು. ಹಾಲು ಇಳಿಯಿತು. ಕ್ಯಾನು ಅರ್ಧವೇ ಹೋಗುತ್ತಿತ್ತು.

ಒಂದು ದಿನ ಊಟಕ್ಕೆ ಕುಳಿತಾಗ ಶಿವರಾಜ ತಟ್ಟೆ ನೋಡುತ್ತ ಹೇಳಿದ.

“ಯವ್ವಾ, ಮಷೀನ ಕೊಟ್ಟಬಿಡಾಣ. ಎಮ್ಮಿನೂ ಕೊಟ್ಟಬಿಡಾಣ. ನನ್ನ ಪಗಾರದಾಗ ನಡೀತದ.”

ಅತ್ತೆ ಎಡಗೈಯಿಂದ ರೊಟ್ಟಿ ಮುರಿಯುತ್ತಿದ್ದರು.

“ಎಮ್ಮಿ ಕೊಟ್ರ, ಮುಂಜಾನಿ ಎದ್ದು ನಾ ಎಲ್ಲಿಗಿ ಹೋಗ್ಲಿ?”

ಅತ್ತೆ ಹೋಗುವ ಜಾಗ ಒಂದೇ, ಕೊಟ್ಟಿಗೆ. ಅದು ಖಾಲಿಯಾದರೆ ಅವರು ದಿನವಿಡೀ ಈ ಕಟ್ಟೆಯ ಮೇಲೆ ಕೂಡುತ್ತಾರೆ. ಕೈ ತೊಳೆದು ಬಂದು, ಮಷೀನು ನಾನು ನಡೆಸುತ್ತೇನೆ ಎಂದೆ. ಧೈರ್ಯದಿಂದ ಹೇಳಿದ್ದಲ್ಲ. ಹೆದರಿಕೆಯೂ ಆಗಲಿಲ್ಲ. ನೀರು ತರಬೇಕು, ಹಿಟ್ಟು ನಾದಬೇಕು ಎಂದಂತೆ ಹೇಳಿದೆ. ಶಿವರಾಜ ಬೇಡ ಎಂದು ಎದ್ದುಹೋದ. ಅತ್ತೆ ನನ್ನ ಮುಖ ನೋಡಿದರು.

“ನಿನ್ನ ಕೈ ಹೋದ್ರ ಕೂಸಿನ ಗತಿ ಏನು?”

“ನೀವು ಮುಂದ ನಿಂದರ್ರಿ ಅತ್ತಿ. ನೀವು ಹ್ಯಾಂಗ ಅಂತೀರಿ ಹಂಗ ಮಾಡ್ತೀನಿ. ಇಲ್ಲಂದ್ರ ಬಿಡ್ತೀನಿ.”

ಅವರು ಆ ದಿನ ಒಪ್ಪಲಿಲ್ಲ. ಮರುದಿನ ಗುಡುಸಾಬನನ್ನು ಕರೆಸಿದರು. ಶಿವರಾಜನೂ ಗಿರಣಿಗೆ ರಜೆ ಹಾಕಿ ಉಳಿದ. ತಾನೇ ಎಳೆದಿದ್ದ ವೈರನ್ನು ತಾನೇ ಕಿತ್ತ. ಗುಡುಸಾಬ ಮಷೀನಿಗೆ ಬೇರೆ ಸ್ಟಾರ್ಟರು ತಂದಿದ್ದ, ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಅದನ್ನು ದೋಣಿಯಿಂದ ಒಂದು ಹೆಜ್ಜೆ ಆಚೆ, ಕೈಗೆ ಎಟುಕುವ ಕಂಬಕ್ಕೆ ಕೂಡಿಸಿದ.

“ಇದಕ ಆಟೋ ಇಲ್ಲ, ಸೂಗಕ್ಕ. ಕರೆಂಟ ಹೋದ್ರ ಒಳಗಿನ ಕಾಯಿಲ್ ಬಿಟ್ಟಬಿಡ್ತದ. ಕರೆಂಟ ಬಂದ್ರೂ ಹಸಿರು ಒತ್ತೂತನ ತಿರುಗಂಗಿಲ್ಲ.”

“ಹಂಗಂತ ಕೈ ಹಾಕಬಹುದೇನು?” ಎಂದರು ಅತ್ತೆ.

“ಇಲ್ಲಕ್ಕ. ಕೆಂಪು ಒತ್ತಬೇಕು, ಮ್ಯಾಲಿನ ಮೇನ್ ಇಳಿಸಬೇಕು. ಚಕ್ರಕ್ಕೂ ಗೂಟ ಹಾಕಬೇಕು. ಕರೆಂಟಿಲ್ದನೂ ಚಕ್ರ ಕೈಲೆ ತಿರುಗ್ತದ, ಬ್ಲೇಡಿಗಿ ಅಷ್ಟ ಸಾಕು.”

ಚಕ್ರದ ಪಕ್ಕದ ಚೌಕಟ್ಟಿಗೆ ಒಂದು ತೂತು ಕೊರೆದು ಕಬ್ಬಿಣದ ಗೂಟ ಮಾಡಿಕೊಟ್ಟ. ಅದನ್ನು ಹಾಕಿದರೆ ಚಕ್ರದ ಕಡ್ಡಿಗೆ ಅಡ್ಡ ನಿಲ್ಲುತ್ತದೆ. ಚಕ್ರದ ಸುತ್ತ ಜಾಲರಿ ಕಟ್ಟಿದ. ಬ್ಲೇಡುಗಳಿಗೆ ಸಾಣೆ ಹಿಡಿದು, ಬ್ಲೇಡಿಗೂ ಬಾಯಿಯ ಪಟ್ಟಿಗೂ ನಡುವೆ ಒಂದು ಕಾಗದ ಹೋಗುವಷ್ಟೇ ಸಂದು ಬಿಟ್ಟು ಬಿಗಿದ. ಹಗ್ಗ, ತಂತಿ, ಕಲ್ಲು ಇಲ್ಲದಂತೆ ಕಣಿಕೆ ಕೊಡವಿ ಹಾಕಬೇಕೆಂದು ನನಗೆ ಹೇಳಿದ.

ನಾನು ಮೊದಲ ಸಲ ನಿಲ್ಲುವ ದಿನ ಜೈಬುನ್ನೀಸಾ ಚಾಚಿ ಮಗಳನ್ನು ತನ್ನ ಮನೆಗೆ ಕರೆದುಕೊಂಡು ಹೋಗಲು ಬಂದಿದ್ದಳು. ಮಷೀನು ತಿರುಗುವಾಗ ಕೂಸು ಹೊಲದಲ್ಲೇ ಇರಬಾರದು ಎಂದು ಅತ್ತೆ ಹೇಳಿಬಿಟ್ಟಿದ್ದರು. ನನ್ನ ಸೆರಗನ್ನು ತಾವೇ ಒಂದೇ ಕೈಯಿಂದ ಸೊಂಟಕ್ಕೆ ಸಿಕ್ಕಿಸಿದರು. ಜಡೆಯನ್ನು ಕಟ್ಟಿಸಿದರು. ಆಮೇಲೆ ನನ್ನ ಕೈ ನೋಡಿದರು.

“ಬಳಿ ತಗಿ.”

ಚಾಚಿ ನಾಲಿಗೆ ಕಚ್ಚಿಕೊಂಡಳು. ಗಂಡ ಇರುವ ಹೆಣ್ಣು ಬರಿಗೈಯಲ್ಲಿ ನಿಲ್ಲುವುದೆಂದರೆ ನಮ್ಮ ಓಣಿಯಲ್ಲಿ ಯಾರೂ ಒಪ್ಪುವುದಿಲ್ಲ. ಚಾಚಿಯ ಜಾತಿ ಬೇರೆಯಾದರೂ ಅದು ಅವಳಿಗೆ ಗೊತ್ತು.

“ಅಶುಭ ಅಂತಾರ ಸೂಗಕ್ಕ. ಮಂದಿ ಏನಂತಾರ?”

“ಗಂಡ ಇದ್ದಾನ. ಕೈನೂ ಇರ್ಲಿ” ಎಂದರು ಅತ್ತೆ.

ಬಳೆ ತೆಗೆದು ಗೂಡಿನಲ್ಲಿಟ್ಟೆ. ಮಣಿಕಟ್ಟಿನ ದಾರವನ್ನೂ ಬಿಚ್ಚಿಸಿದರು. ಬಳೆ ಒಡೆದಾದರೂ ಹೋಗುತ್ತದೆ, ದಾರ ರೋಲರಿಗೆ ಸಿಕ್ಕರೆ ಕೈಯನ್ನು ಕರೆದುಕೊಂಡೇ ಹೋಗುತ್ತದೆ ಎಂದರು. ನನ್ನ ತೋರುಬೆರಳನ್ನು ಹಿಡಿದು ಒಂದು ಗೆಣ್ಣು ನೋಡಿದರು. ಅವರದಕ್ಕಿಂತ ಸ್ವಲ್ಪ ಸಣ್ಣದು, ನಡೆಯುತ್ತದೆ ಎಂದರು. ಎರಡು ಎಮ್ಮೆಗಳಿಗೆ ಆ ಅಳತೆ. ಮುದಿಯದಕ್ಕೆ ಅರ್ಧ ಮಾಡೋಣವೇ ಎಂದು ಕೇಳಿದೆ. ಅವಸರ ಇಲ್ಲದ ದಿನ ಮಾಡೋಣ, ಅಲ್ಲಿಯತನಕ ಅದೇ ಒಂದು ಗೆಣ್ಣಿನದನ್ನು ನೀರಿನಲ್ಲಿ ನೆನೆಸಿ ಹಾಕು ಎಂದರು.

ಹೀಗೆ ನಡೆದಿದೆ. ಕೆಂಪು ಗೆರೆಯ ಈಚೆ ನಾನು, ಗುಂಡಿಯ ಪಕ್ಕ ಅವರು. ಅವರು ಎಡಗೈಯನ್ನು ಗುಂಡಿಯ ಮೇಲಿಂದ ತೆಗೆಯುವುದಿಲ್ಲ. ನಾನು ಕಟ್ಟಿನ ಬುಡ ಮುಂದೆ ಮಾಡಿ ಇಡುತ್ತೇನೆ, ರೋಲರು ಹಿಡಿದ ಕೂಡಲೇ ಕೈ ಬಿಡುತ್ತೇನೆ. ನಾನು ದಣಿದಿದ್ದೇನೆ ಎಂದು ಅವರಿಗೆ ನನಗಿಂತ ಮೊದಲೇ ಗೊತ್ತಾಗುತ್ತದೆ. ಆಗ ಕೇಳದೆಯೇ ಬಂದ್ ಮಾಡುತ್ತಾರೆ. ಕತ್ತಲಾದ ಮೇಲೆ, ನನಗೆ ಜ್ವರ ಬಂದಾಗ, ಜಗಳವಾಡಿದ ದಿನ ಮಷೀನು ಇಲ್ಲ. ಅಂದು ಎಮ್ಮೆಗಳು ಇಡೀ ಕಣಿಕೆ ತಿನ್ನುತ್ತವೆ. ಹಾಲು ಮೊದಲಿನಷ್ಟಿಲ್ಲ, ಆದರೆ ಕ್ಯಾನು ಅರ್ಧ ಖಾಲಿ ಹೋಗುವುದಿಲ್ಲ. ಮಾರುವ ಮಾತನ್ನು ಶಿವರಾಜ ಮತ್ತೆ ಎತ್ತಿಲ್ಲ.

ಮೊನ್ನೆ ಮುಂಜಾನೆ ಕತ್ತರಿಸುತ್ತಿದ್ದಾಗ ಕರೆಂಟು ಹೋಯಿತು. ಬಾಯಿ ತುಂಬ ಕಣಿಕೆ ಇತ್ತು. ಚಕ್ರ ನಿಂತಿತು. ನಾನು ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದೆ. ಅತ್ತೆ ಕೆಂಪು ಗುಂಡಿ ಒತ್ತಿದರು, ಮೇನ್ ಇಳಿಸಿದರು. ಸುತ್ತಿ ಬಂದು ಗೂಟ ಹಾಕಿ, ಚಕ್ರವನ್ನು ಅಲುಗಿಸಿ ನೋಡಿದರು. ಅಲುಗಲಿಲ್ಲ. ನಾನು ಕೋಲಿಗೆ ಕೈ ಚಾಚಿದೆ.

“ತಡಿ” ಎಂದರು.

ಇಬ್ಬರೂ ನಿಂತೆವು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆ ಪಂಪಿನ ಪೆಟ್ಟಿಗೆಯಲ್ಲಿ ಟಕ್ ಎಂದಿತು. ಪಂಪು ತಾನೇ ಶುರುವಾಗಿ ಕಾಲುವೆಗೆ ನೀರು ಬೀಳುವ ಸದ್ದು ಬಂತು. ಮೇಲೆ ಕೊಟ್ಟಿಗೆಯ ಬಲ್ಬು ಹತ್ತಿತು. ಮಷೀನು ಹಾಗೇ ನಿಂತಿತ್ತು. ಅತ್ತೆ ಬಲ್ಬನ್ನು ನೋಡಿದರು, ಆಮೇಲೆ ಚಕ್ರವನ್ನು. ಅವರ ಮುಖದಲ್ಲಿ ಏನೂ ಇರಲಿಲ್ಲ. ನನ್ನ ಎದೆಯಲ್ಲೂ ಏನೂ ಆಗಲಿಲ್ಲ. ಅಳು ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ.

“ಈಗ ತಗಿ” ಎಂದರು.

ನಾನು ಮುಚ್ಚಳ ಎತ್ತಿ, ಕೋಲಿನಿಂದ ಕಣಿಕೆಯನ್ನು ಈಚೆಗೆ ಎಳೆದೆ.